ಚೆನ್ನೆಮಣೆಯ ಖಾಲಿ ಗುಳಿ: ಸೊನ್ನೆ ಲೆಕ್ಕವನ್ನು ಹೇಗೆ ಸುಲಭ ಮಾಡಿತು, ಮನೆಯಲ್ಲೇ ಮಾಡಿ ನೋಡಿ

ನನ್ನ ಅಕ್ಕನ ಮಗ ಐದನೇ ಕ್ಲಾಸು. ಮನೆ ಕಟಪಾಡಿ ಹತ್ತಿರ. ಕಳೆದ ಆಟಿಯಲ್ಲಿ ಜೋರು ಮಳೆ ಅಂತ ಶಾಲೆಗೆ ರಜೆ ಕೊಟ್ಟ ಒಂದು ದಿನ, ಸುಮ್ನೆ ಕೂತವನಿಗೆ ಒಂದು ಗುಣಾಕಾರ ಕೊಟ್ಟೆ: 139 × 109. ಐದು ನಿಮಿಷದಲ್ಲಿ ಉತ್ತರ ತಂದ, 2641. ಮಗ್ಗಿ ಎಲ್ಲೂ ತಪ್ಪಿರಲಿಲ್ಲ, ಕೂಡಿದ್ದೂ ಸರಿ. ತಪ್ಪಾದದ್ದು ಒಂದೇ ಕಡೆ, 109ರ ನಡುವಿನ ಸೊನ್ನೆಯನ್ನು ಅವನು ಹಾರಿಹೋಗಿದ್ದ. ಯಾಕೋ ಅಂತ ಕೇಳಿದರೆ, "ಸೊನ್ನೆ ಅಂದ್ರೆ ಎಂತದೂ ಇಲ್ಲ ಅಲ್ವಾ ಮಾಮ? ಎಂತದೂ ಇಲ್ಲದ್ದನ್ನು ಬಿಟ್ರೆ ಎಂತ ಆಗ್ತದೆ?" ಅಂದ.

ಪ್ರಶ್ನೆ ಬಹಳ ಒಳ್ಳೆಯದು. ಬಾಯಲ್ಲಿ ವಿವರಿಸಿದರೆ ತಲೆಗೆ ಹೋಗುವುದಿಲ್ಲ ಅನಿಸಿತು. ಅಜ್ಜಿಯ ಚೆನ್ನೆಮಣೆ ಆಗಲೇ ಅಟ್ಟದಿಂದ ಕೆಳಗೆ ಬಂದಿತ್ತು, ಆಟಿ ಅಲ್ವಾ. ಅದನ್ನೇ ಎಳೆದುಕೊಂಡು ಕೂತೆವು. ಅವತ್ತು ನಾವು ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳಿದ್ದರೆ ಒಂದು ಮಧ್ಯಾಹ್ನ ಸಾಕು. ದೊಡ್ಡವರು ಒಬ್ಬರೇ ಮಾಡಿದರೂ ಆಗುತ್ತದೆ.

ಮೊದಲು ಮಣೆ ಸಿದ್ಧ ಮಾಡಿ

ಚೆನ್ನೆಮಣೆಯಲ್ಲಿ ಎರಡು ಸಾಲು, ಒಂದೊಂದು ಸಾಲಿನಲ್ಲಿ ಏಳು ಗುಳಿ. ಆಟಕ್ಕೆ ಗುಳಿಗೆ ನಾಲ್ಕರಂತೆ 56 ಕಾಯಿ ಹಾಕುತ್ತಾರೆ. ಆ ಕಾಯಿಗಳೇ ನಮಗೂ ಸಾಕು. ಮಣೆ ಇಲ್ಲದಿದ್ದರೆ ಜಗಲಿಯಲ್ಲಿ ಸೀಮೆಸುಣ್ಣದಿಂದ ಹದಿನಾಲ್ಕು ಚೌಕ ಬರೆದು ಹುಣಸೆ ಬೀಜ ಇಡಿ.

ಎಲ್ಲ ಗುಳಿ ಖಾಲಿ ಮಾಡಿ. ನಿಮ್ಮ ಹತ್ತಿರದ ಸಾಲನ್ನು ಬಲದಿಂದ ಎಡಕ್ಕೆ ಹೀಗೆ ಕರೆಯಿರಿ: ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ. ಏಳು ಗುಳಿಗೆ ಏಳು ಹೆಸರು ಸರಿಯಾಗಿ ಬರುತ್ತದೆ. ಬಿಡಿಯ ಗುಳಿಯಲ್ಲಿ ಬಿದ್ದ ಕಾಯಿಯ ಬೆಲೆ ಒಂದು, ನೂರರ ಗುಳಿಯಲ್ಲಿ ಬಿದ್ದ ಅದೇ ಕಾಯಿಯ ಬೆಲೆ ನೂರು. ಕಾಯಿ ಬದಲಾಗಿಲ್ಲ, ಕೂತ ಜಾಗ ಬದಲಾಯಿತು ಅಷ್ಟೆ. ಸ್ಥಾನಬೆಲೆ ಅಂತ ಪುಸ್ತಕದಲ್ಲಿ ಬರೆಯುವುದು ಇದನ್ನೇ.

ನಿಯಮ ಒಂದೇ. ಯಾವ ಗುಳಿಯಲ್ಲೂ ಹತ್ತು ಕಾಯಿ ಉಳಿಯಬಾರದು. ಹತ್ತಾದ ಕೂಡಲೇ ಆ ಹತ್ತನ್ನೂ ಎತ್ತಿ, ಎಡದ ಗುಳಿಗೆ ಒಂದು ಕಾಯಿ ಹಾಕಬೇಕು. ಶಾಲೆಯಲ್ಲಿ ದಶಕ ಅಂತ ತಲೆ ಮೇಲೆ ಬರೆಯುವ ಆ ಸಣ್ಣ 1 ಇದೇ ಕಾಯಿ.

109 ಅನ್ನು ಮಣೆಯಲ್ಲಿ ಇಟ್ಟು, ಆಮೇಲೆ ಬರೆಯಿರಿ

ನೂರರ ಗುಳಿಯಲ್ಲಿ ಒಂದು ಕಾಯಿ, ಬಿಡಿಯ ಗುಳಿಯಲ್ಲಿ ಒಂಬತ್ತು ಕಾಯಿ. ನಡುವಿನ ಗುಳಿ ಖಾಲಿ. ಇಲ್ಲಿಯವರೆಗೆ ಸೊನ್ನೆಯ ಅಗತ್ಯವೇ ಬಿದ್ದಿಲ್ಲ ನೋಡಿ, ಯಾಕೆಂದರೆ ಖಾಲಿ ಗುಳಿ ಕಣ್ಣೆದುರೇ ಇದೆ. ಬಾಯಲ್ಲಿ ಹೇಳುವಾಗಲೂ ಬೇಡ. "ನೂರ ಒಂಬತ್ತು" ಅನ್ನುತ್ತೇವೆ, ಅದರಲ್ಲಿ ಸೊನ್ನೆ ಅನ್ನುವ ಮಾತೇ ಇಲ್ಲ. "ನೂರ" ಅನ್ನುವ ಶಬ್ದವೇ ಜಾಗವನ್ನು ಹೇಳಿಬಿಡುತ್ತದೆ. ಸಣ್ಣ ಮಕ್ಕಳು ನೂರ ಒಂಬತ್ತನ್ನು 1009 ಅಂತ ಬರೆಯುವುದು ಇದಕ್ಕೇ, ಕಿವಿಗೆ ಕೇಳಿದಂತೆ 100 ಬರೆದು ಅದರ ಪಕ್ಕ 9 ಇಡುತ್ತಾರೆ. ಅದು ದಡ್ಡತನ ಅಲ್ಲ, ಬಾಯಿಲೆಕ್ಕದ ಕ್ರಮವನ್ನು ಹಾಗೇ ಕಾಗದಕ್ಕೆ ತಂದದ್ದು.

ಈಗ ಮಗುವಿಗೆ ಹೇಳಿ, ಕಾಯಿ ಇರುವ ಗುಳಿಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆ ಅಂತ. 1 9 ಅಂತ ಬರೆಯುತ್ತದೆ. ಮಣೆಯ ಮೇಲೆ ಬೈರಾಸು ಮುಚ್ಚಿ, ಆ ಚೀಟಿಯನ್ನು ಒಳಗೆ ಅಡುಗೆ ಮಾಡುತ್ತಿರುವ ಯಾರಿಗಾದರೂ ತೋರಿಸಿ. ಅವರು ಹತ್ತೊಂಬತ್ತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಕ್ಕನೂ ಅದನ್ನೇ ಹೇಳಿದಳು. ನಿಜವಾಗಿ ಆ ಚೀಟಿ 19 ಆಗಬಹುದು, 109 ಆಗಬಹುದು, 190 ಆಗಬಹುದು, 1090 ಕೂಡ ಆಗಬಹುದು. ಮಣೆ ಕಣ್ಣಿನಿಂದ ಮರೆಯಾದ ಕೂಡಲೇ ಖಾಲಿ ಗುಳಿಗೂ ಒಂದು ಗುರುತು ಬೇಕಾಯಿತು. ಆ ಗುರುತೇ ಸೊನ್ನೆ. "ಏನೂ ಇಲ್ಲ" ಅನ್ನುವುದರ ಜೊತೆಗೆ "ಈ ಜಾಗ ಇದೆ, ಇದರಲ್ಲಿ ಕಾಯಿ ಇಲ್ಲ" ಅಂತಲೂ ಅದು ಹೇಳುತ್ತದೆ. ನನ್ನ ಪ್ರಕಾರ ಮಕ್ಕಳಿಗೆ ಈ ಎರಡನೇ ಅರ್ಥವನ್ನು ಮೊದಲು ಹೇಳಿಕೊಡಬೇಕು.

ನಡುವಿನ ಖಾಲಿ ಗುಳಿಗಿಂತ ಕೊನೆಯ ಖಾಲಿ ಗುಳಿ ಹೆಚ್ಚು ಮೋಸ ಮಾಡುತ್ತದೆ. ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಸ್ಥಾನಬೆಲೆ ಬಳಸುತ್ತಿದ್ದರು, ಮುಂದೆ ನಡುವಿನ ಖಾಲಿ ಜಾಗಕ್ಕೆ ಒಂದು ಗುರುತನ್ನೂ ಹಾಕತೊಡಗಿದರು, ಆದರೆ ಸಂಖ್ಯೆಯ ಕೊನೆಯಲ್ಲಿ ಅದನ್ನು ಹಾಕುತ್ತಿರಲಿಲ್ಲ. ಹಾಗಾಗಿ ಒಂದೇ ಬರಹ 2 ಆಗಿರಬಹುದು, 120 ಆಗಿರಬಹುದು. ಯಾವುದು ಅಂತ ಸಂದರ್ಭ ನೋಡಿ ಊಹಿಸಬೇಕಿತ್ತು. ನಮ್ಮ ದೇಶದಲ್ಲಿ ಗ್ವಾಲಿಯರ್ ಕೋಟೆಯ ಚತುರ್ಭುಜ ದೇವಸ್ಥಾನದಲ್ಲಿ 876ರ ಒಂದು ಶಾಸನ ಇದೆ. ದೇವರಿಗೆ ದಿನಕ್ಕೆ 50 ಹೂವಿನ ಹಾರ ಕೊಡಲು ಬಿಟ್ಟ ತೋಟದ ವಿಷಯ ಅದರಲ್ಲಿದೆ, ತೋಟದ ಉದ್ದ 270 ಹಸ್ತ. 50ರಲ್ಲೂ 270ರಲ್ಲೂ ಸೊನ್ನೆ ಇರುವುದು ಕೊನೆಯಲ್ಲೇ, ಸಣ್ಣ ಉರುಟಾಗಿ ಕೆತ್ತಿದ್ದಾರೆ. ಮಲ್ಲಿಗೆ ಕಟ್ಟುವ ಊರಿನವರಾದ ನಮಗೆ ಇದು ಕೇಳಲು ಖುಷಿ, ಹೂವಿನ ಲೆಕ್ಕದಲ್ಲೇ ಸೊನ್ನೆ ಉಳಿದು ಬಂದಿದೆ.

ಹತ್ತರಿಂದ ಗುಣಿಸುವುದು ಎಂದರೆ ಕಾಯಿ ಸರಿಸುವುದು

ಈಗ 139 ಇಡಿ. ನೂರರಲ್ಲಿ ಒಂದು, ಹತ್ತರಲ್ಲಿ ಮೂರು, ಬಿಡಿಯಲ್ಲಿ ಒಂಬತ್ತು, ಒಟ್ಟು ಹದಿಮೂರು ಕಾಯಿ. ಪ್ರತಿ ಗುಳಿಯ ಕಾಯಿಗಳನ್ನೂ ಒಂದು ಗುಳಿ ಎಡಕ್ಕೆ ಸರಿಸಿ. 1390 ಆಯಿತು. ಹೊಸ ಕಾಯಿ ಒಂದೂ ಬೇಕಾಗಲಿಲ್ಲ, ಮಗ್ಗಿ ಬೇಕಾಗಲಿಲ್ಲ. ಇನ್ನೊಂದು ಗುಳಿ ಸರಿಸಿದರೆ 13900. "ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಹಾಕು" ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದು ಇದನ್ನೇ. ಸೊನ್ನೆ ಹಾಕಿದ್ದಕ್ಕೆ ಸಂಖ್ಯೆ ದೊಡ್ಡದಾಗುವುದಲ್ಲ. ಅಂಕೆಗಳು ಎಡಕ್ಕೆ ಹೋದವು, ಬಿಟ್ಟುಹೋದ ಗುಳಿ ಖಾಲಿಯಾಯಿತು, ಅದಕ್ಕೆ ಗುರುತು ಹಾಕಿದೆವು.

ರೋಮನ್ ಅಂಕೆಗಳಲ್ಲಿ ಇದನ್ನು ಮಾಡಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ 109 ಅಂದರೆ CIX. ಸೊನ್ನೆ ಬೇಕಾಗಿಲ್ಲ, ಯಾಕೆಂದರೆ C ಎಲ್ಲಿ ಕೂತರೂ ನೂರೇ. ಆದರೆ ಅದನ್ನು ಹತ್ತರಿಂದ ಗುಣಿಸಿದರೆ 1090, ಅಂದರೆ MXC. ಎಲ್ಲ ಅಕ್ಷರವೂ ಏನೇನೋ ಆಯಿತು. ಸರಿಸುವ ಆಟ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಅಲ್ಲಿನ ವ್ಯಾಪಾರಿಗಳು ಗೆರೆ ಎಳೆದ ಹಲಗೆಯ ಮೇಲೆ ಬಿಲ್ಲೆ ಇಟ್ಟು ಲೆಕ್ಕ ಮಾಡಿ, ಉತ್ತರವನ್ನು ಮಾತ್ರ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಲೆಕ್ಕ ಮಾಡುವುದು ಒಂದು ಕಡೆ, ಬರೆಯುವುದು ಇನ್ನೊಂದು ಕಡೆ. ನಮ್ಮ ಕಡೆಯೂ ಅಶೋಕನ ಕಾಲದ ನಂತರದ ಹಳೆಯ ಬ್ರಾಹ್ಮಿ ಅಂಕೆಗಳಲ್ಲಿ ಹತ್ತಕ್ಕೆ ಒಂದು ಗುರುತು, ಇಪ್ಪತ್ತಕ್ಕೆ ಬೇರೆ, ನೂರಕ್ಕೆ ಬೇರೆ ಇತ್ತು.

ಸ್ಥಾನಬೆಲೆ ಮತ್ತು ಸೊನ್ನೆ ಎರಡೂ ಸೇರಿದಾಗ ಕಾಗದವೇ ಮಣೆ ಆಯಿತು. ಮಣೆಯಲ್ಲಿ ಒಮ್ಮೆ ಕಾಯಿ ಎತ್ತಿದರೆ ಹಿಂದಿನದು ಅಳಿದುಹೋಗುತ್ತದೆ, ಎಲ್ಲಿ ತಪ್ಪಿದೆವು ಅಂತ ಹುಡುಕಲು ಏನೂ ಉಳಿಯುವುದಿಲ್ಲ. ಕಾಗದದಲ್ಲಿ ಪ್ರತಿ ಹೆಜ್ಜೆಯೂ ಉಳಿಯುತ್ತದೆ. ಹುಡುಗನ ತಪ್ಪು ನನಗೆ ಸಿಕ್ಕಿದ್ದೂ ಹಾಗೇ.

ಈಗ 139 × 109 ಪೂರ್ತಿ ಮಾಡೋಣ

109 ಅಂದರೆ ನೂರು ಮತ್ತು ಒಂಬತ್ತು. ನೂರರ ಭಾಗ ಆಗಲೇ ಆಗಿದೆ, ಎರಡು ಗುಳಿ ಸರಿಸಿದ 13900. ಅದನ್ನು ಮೇಲಿನ ಸಾಲಿನಲ್ಲಿ ಇಟ್ಟುಬಿಡಿ.

ಕೆಳಗಿನ ಸಾಲಿನಲ್ಲಿ 139ರ ಒಂಬತ್ತು ಪಟ್ಟು. ಬಿಡಿಯಿಂದ ಶುರು ಮಾಡಿ. ಒಂಬತ್ತು ಒಂಬತ್ಲಿ 81. ಅಷ್ಟು ಕಾಯಿ ನಮ್ಮ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಬಿಡಿಯಲ್ಲಿ ಒಂದು, ಹತ್ತರಲ್ಲಿ ಎಂಟು ಇಡಿ. ಮುಂದೆ ಒಂಬತ್ತು ಮೂರ್ಲಿ 27. ಈ ಸಲ ಮೂರು ಇದ್ದದ್ದು ಹತ್ತರ ಗುಳಿಯಲ್ಲಿ, ಹಾಗಾಗಿ 27 ಹತ್ತುಗಳು, ಅಂದರೆ ಹತ್ತರಲ್ಲಿ ಏಳು ಮತ್ತು ನೂರರಲ್ಲಿ ಎರಡು. ಹತ್ತರ ಗುಳಿಯಲ್ಲಿ ಎಂಟಕ್ಕೆ ಏಳು ಸೇರಿ ಹದಿನೈದು. ಹತ್ತು ಎತ್ತಿ, ನೂರಕ್ಕೆ ಒಂದು ಹಾಕಿ. ಹತ್ತರಲ್ಲಿ ಐದು ಉಳಿಯಿತು, ನೂರರಲ್ಲಿ ಮೂರಾಯಿತು. ಕೊನೆಗೆ ಒಂಬತ್ತು ಒಂದ್ಲಿ ಒಂಬತ್ತು, ಅದು ನೂರರ ಗುಳಿಗೆ. ಮೂರು ಮತ್ತು ಒಂಬತ್ತು ಹನ್ನೆರಡು, ಹತ್ತು ಎತ್ತಿ ಸಾವಿರಕ್ಕೆ ಒಂದು. ಕೆಳಗಿನ ಸಾಲು ಈಗ 1251.

ಇಲ್ಲಿ ಒಂದು ಕ್ಷಣ ನಿಲ್ಲಿ. ಮೂರು ಗುಳಿಗೂ ನಾವು ಬಳಸಿದ್ದು ಅದೇ ಒಂಬತ್ತರ ಮಗ್ಗಿ. ಹತ್ತಕ್ಕೆ ಬೇರೆ ಮಗ್ಗಿ, ನೂರಕ್ಕೆ ಬೇರೆ ಮಗ್ಗಿ ಅಂತ ಇಲ್ಲ. ಒಂದರಿಂದ ಒಂಬತ್ತರವರೆಗಿನ ಮಗ್ಗಿ ಗೊತ್ತಿದ್ದರೆ, ಮೂರು ಏಳ್ಲಿ ಮತ್ತು ಏಳು ಮೂರ್ಲಿ ಒಂದೇ ಅಂತ ಹಿಡಿದರೆ, ನೆನಪಿಡಬೇಕಾದ ಗುಣಾಕಾರ ಬರೀ 45. ಕೋಟಿಗಟ್ಟಲೆಯ ಲೆಕ್ಕಕ್ಕೂ ಆ 45 ಸಾಕು, ಮಿಕ್ಕದ್ದನ್ನೆಲ್ಲ ಜಾಗ ನೋಡಿಕೊಳ್ಳುತ್ತದೆ. ದಿನನಿತ್ಯದ ಲೆಕ್ಕ ಸುಲಭವಾದದ್ದು ಇದೇ ಕಾರಣಕ್ಕೆ ಅಂತ ನನಗೆ ಅನಿಸುತ್ತದೆ.

ಈಗ ಎರಡೂ ಸಾಲು ಸೇರಿಸಿ. ಬಿಡಿ: ಮೇಲೆ ಖಾಲಿ, ಕೆಳಗೆ ಒಂದು, ಒಟ್ಟು 1. ಹತ್ತು: ಮೇಲೆ ಖಾಲಿ, ಕೆಳಗೆ ಐದು, 5. ನೂರು: ಒಂಬತ್ತು ಮತ್ತು ಎರಡು ಹನ್ನೊಂದು, ಒಂದು ಉಳಿಸಿ ದಶಕ ಒಂದು ಸಾವಿರಕ್ಕೆ. ಸಾವಿರ: ಮೂರು, ಒಂದು, ಬಂದ ಒಂದು, ಒಟ್ಟು 5. ಹತ್ತು ಸಾವಿರ: 1. ಉತ್ತರ 15151.

ಕಾಗದದಲ್ಲಿ ಅದೇ ಲೆಕ್ಕ ಹೀಗೆ ಕಾಣುತ್ತದೆ:

```
    139
 ×  109
 ------
   1251
  13900
 ------
  15151
```

ಮೇಲೆ ಖಾಲಿ, ಕೆಳಗೆ ಐದು ಅಂದಾಗ ಯೋಚನೆ ಮಾಡದೆ ಐದು ಬರೆದೆವು. ಅಂದರೆ ಖಾಲಿ ಗುಳಿಯನ್ನೂ ಒಂದು ಸಂಖ್ಯೆಯಂತೆ ಕೂಡಿದೆವು. ಇದಕ್ಕೆ ನಿಯಮ ಬರೆದಿಟ್ಟವನು ಬ್ರಹ್ಮಗುಪ್ತ, 628ರಲ್ಲಿ. ಸೊನ್ನೆ ಕೂಡಿದರೆ ಸಂಖ್ಯೆ ಬದಲಾಗದು, ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಗುರುತಾಗಿದ್ದದ್ದು ಹೀಗೆ ಸಂಖ್ಯೆಯೂ ಆದ ಮೇಲೆ ಖಾಲಿ ಜಾಗಕ್ಕೆ ಅಂತ ಲೆಕ್ಕ ನಿಲ್ಲಿಸಬೇಕಾಗಿಲ್ಲ, ಎಲ್ಲ ಗುಳಿಗೂ ಒಂದೇ ಕ್ರಮ.

ಈ ಲೆಕ್ಕವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟ ಗುಣಾಕಾರ. ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ 15151, ಪೋಣಿಸಿದ ಹಾರದ ಹಾಗೆ. ಇಂಥ ಉತ್ತರಗಳನ್ನು ಅವನು ಕೊರಳ ಹಾರ ಅಂತಲೇ ಕರೆಯುತ್ತಾನೆ. ಅಂಕೆಗಳು ಜಾಗದಲ್ಲಿ ಕೂತು ಬೆಲೆ ಪಡೆಯುವ ಬರವಣಿಗೆ ಇದ್ದದ್ದರಿಂದಲೇ ಆ ಹಾರ ಕಣ್ಣಿಗೆ ಕಾಣುತ್ತದೆ. ಇದೇ ಮಹಾವೀರ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂತ ಬರೆದು ತಪ್ಪಿದ್ದೂ ಹೌದು. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಅಂತ ಇವತ್ತು ಕಲಿಸುತ್ತೇವೆ.

ತಪ್ಪು ಎಲ್ಲಿ ಆಗುತ್ತದೆ, ಗೊತ್ತಾಗುವುದು ಹೇಗೆ

ಹುಡುಗನ 2641ಕ್ಕೆ ಬರೋಣ. ಅವನು 1251ರ ಕೆಳಗೆ 13900 ಬದಲು 1390 ಬರೆದಿದ್ದ. ಎರಡು ಗುಳಿ ಸರಿಸಬೇಕಾದಲ್ಲಿ ಒಂದೇ ಗುಳಿ. ಅಂದರೆ ಅವನು ಮಾಡಿದ್ದು 139 × 19.

ಹಳಬರು ಉತ್ತರ ತಾಳೆ ನೋಡಲು ಒಂಬತ್ತು ಬಿಡುವ ಕ್ರಮ ಬಳಸುತ್ತಾರೆ. ಅಂಕೆಗಳನ್ನು ಕೂಡುತ್ತಾ ಹೋಗಿ ಒಂದೇ ಅಂಕೆಗೆ ಇಳಿಸುವುದು. 139ರಲ್ಲಿ 1+3+9 = 13, ಆಮೇಲೆ 4. 109ರಲ್ಲಿ 10, ಆಮೇಲೆ 1. ಗುಣಿಸಿದರೆ 4. ಉತ್ತರ 15151ರಲ್ಲಿ 13, ಆಮೇಲೆ 4. ತಾಳೆಯಾಯಿತು. ಈಗ ತಪ್ಪು ಉತ್ತರ 2641 ನೋಡಿ: 2+6+4+1 = 13, ಆಮೇಲೆ 4. ಅದೂ ತಾಳೆ ಆಗಿಬಿಟ್ಟಿತು!

ಯಾಕೆ ಅಂತ ಮಣೆಯೇ ತೋರಿಸುತ್ತದೆ. ಅಂಕೆಗಳ ಮೊತ್ತ ಅಂದರೆ ಮಣೆಯಲ್ಲಿರುವ ಕಾಯಿಗಳ ಒಟ್ಟು ಲೆಕ್ಕ. ದಶಕ ಕೊಡುವಾಗ ಹತ್ತು ಎತ್ತಿ ಒಂದು ಹಾಕುತ್ತೇವೆ, ಪ್ರತಿ ಸಲ ಒಂಬತ್ತು ಕಾಯಿ ಕಡಿಮೆಯಾಗುತ್ತದೆ. ಒಂಬತ್ತು ಬಿಡುವ ಕ್ರಮ ನಡೆಯುವುದೇ ಇದರಿಂದ. ಆದರೆ ಕಾಯಿ ಯಾವ ಗುಳಿಯಲ್ಲಿದೆ ಅಂತ ಅದು ನೋಡುವುದೇ ಇಲ್ಲ. ಖಾಲಿ ಗುಳಿಯಲ್ಲಿ ಕಾಯಿ ಇಲ್ಲದ್ದರಿಂದ, ಸೊನ್ನೆ ಬಿಟ್ಟುಹೋದರೂ ಮೊತ್ತ ಬದಲಾಗದು. ಮಗ್ಗಿಯಲ್ಲಿ ಆದ ತಪ್ಪು ಇದರಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತದೆ, ಸೊನ್ನೆಯ ತಪ್ಪು ಮಾತ್ರ ಸಿಗುವುದಿಲ್ಲ.

ಸೊನ್ನೆಯ ತಪ್ಪಿಗೆ ಬೇರೆ ಪರೀಕ್ಷೆ ಬೇಕು, ಅದು ಇನ್ನೂ ಸುಲಭ. ಲೆಕ್ಕ ಶುರು ಮಾಡುವ ಮೊದಲೇ ಉತ್ತರ ಎಷ್ಟು ದೊಡ್ಡದು ಅಂತ ಹೇಳಿಸಿ. 139ರ ನೂರು ಪಟ್ಟೇ 13900, ಉತ್ತರ ಅದಕ್ಕಿಂತ ಜಾಸ್ತಿಯೇ ಇರಬೇಕು. 2641 ಅಂತ ಬಂದರೆ ನೋಡಿದ ಕೂಡಲೇ ಅಳಿಸಬೇಕು.

ಭಾಗಾಕಾರದಲ್ಲೂ ಇದೇ ಸೊನ್ನೆ ಕಾಣೆಯಾಗುತ್ತದೆ. 15151 ಅನ್ನು 139ರಿಂದ ಭಾಗಿಸಿ ನೋಡಿ. 151ರಲ್ಲಿ 139 ಒಂದು ಸಲ, ಉಳಿಕೆ 12. ಮುಂದಿನ 5 ಇಳಿಸಿದರೆ 125. ಅದರಲ್ಲಿ 139 ಹೋಗುವುದಿಲ್ಲ. ಇಲ್ಲೇ ಮಕ್ಕಳು ಸುಮ್ನೆ ಮುಂದಿನ 1 ಇಳಿಸಿ 1251 ಮಾಡಿ, ಒಂಬತ್ತು ಸಲ ಅಂತ ಬರೆದು, 19 ಅನ್ನುತ್ತಾರೆ. ಹೋಗದಿದ್ದಾಗಲೂ ಉತ್ತರದಲ್ಲಿ 0 ಬರೆಯಬೇಕು, ಆಮೇಲೆ ಮುಂದಿನ ಅಂಕೆ ಇಳಿಸಬೇಕು. ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: ಕೆಳಗೆ ಒಂದು ಅಂಕೆ ಇಳಿಸಿದರೆ ಮೇಲೆ ಒಂದು ಅಂಕೆ ಬರೆಯಲೇಬೇಕು, ಅದು ಸೊನ್ನೆಯೇ ಆದರೂ ಸರಿ. ಅಂದಿನಿಂದ ಆ ತಪ್ಪು ಕಡಿಮೆಯಾಗಿದೆ.

ಮೀನಿನ ತಕ್ಕಡಿ, ಮಲ್ಲಿಗೆಯ ಅಟ್ಟೆ

ಮನೆಯ ಹೊರಗೆ ಈ ಸೊನ್ನೆ ಹೆಚ್ಚು ಹಣ ತಿನ್ನುವುದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಮಂಗಳೂರಲ್ಲಿ ಒಮ್ಮೆ ಬಂಗುಡೆ ತೆಗೆದುಕೊಂಡಾಗ ತಕ್ಕಡಿಯಲ್ಲಿ 1.050 ಅಂತ ಬಂದಿತ್ತು. ಕೊಟ್ಟವರು ಒಂದೂವರೆ ಅಂತ ಓದಿದರು, ನಾನೂ ತಲೆ ಆಡಿಸಿ ದುಡ್ಡು ಕೊಟ್ಟೆ. ಬಸ್ಸಲ್ಲಿ ಕೂತ ಮೇಲೆ ಹೊಳೆಯಿತು. ಬಿಡಿಯ ಗುಳಿಯ ಬಲಗಡೆ ಇನ್ನೂ ಮೂರು ಗುಳಿ ಇವೆ ಅಂತ ಇಟ್ಟುಕೊಳ್ಳಿ, 100 ಗ್ರಾಂ, 10 ಗ್ರಾಂ, 1 ಗ್ರಾಂ. ಚುಕ್ಕಿಯ ನಂತರದ ಮೊದಲ ಸೊನ್ನೆ 100 ಗ್ರಾಮಿನ ಗುಳಿ ಖಾಲಿ ಅನ್ನುತ್ತದೆ. ಐದು ಇರುವುದು 10 ಗ್ರಾಮಿನ ಗುಳಿಯಲ್ಲಿ. ಅಂದರೆ 1 ಕಿಲೋ 50 ಗ್ರಾಂ. ಕಿಲೋಗೆ 240 ರೂಪಾಯಿ ಆದರೆ ಕೊಡಬೇಕಾದ್ದು 252, ಒಂದೂವರೆ ಅಂತ ಓದಿದರೆ 360. ಒಂದೂವರೆ ಕಿಲೋ ಆದರೆ ತಕ್ಕಡಿ 1.500 ಅಂತ ತೋರಿಸಬೇಕು. ಚುಕ್ಕಿಯ ಬಲಗಡೆ ಮೂರು ಅಂಕೆಯನ್ನೂ ಒಟ್ಟಿಗೆ ಗ್ರಾಂ ಅಂತ ಓದಿ, "ಐವತ್ತು ಗ್ರಾಂ", "ಐನೂರು ಗ್ರಾಂ". ಮತ್ತೆ ತಪ್ಪುವುದಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಇಷ್ಟೆಲ್ಲ ಸುಲಭ ಆಗುವುದು ಪ್ರತಿ ಗುಳಿಗೂ ಹತ್ತಕ್ಕೆ ಒಂದು ಅನ್ನುವ ನಿಯಮ ಇದ್ದಾಗ ಮಾತ್ರ. 1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಇತ್ತು. ಒಂದು ಕಡೆ ನಾಲ್ಕಕ್ಕೆ ದಶಕ, ಪಕ್ಕದಲ್ಲೇ ಹದಿನಾರಕ್ಕೆ ದಶಕ. ಕೂಡುವುದು ಹೇಗೋ ಆಗುತ್ತಿತ್ತು, ಗುಣಿಸುವಾಗ ಕಾಯಿ ಸರಿಸುವ ಆಟ ನಡೆಯುತ್ತಿರಲಿಲ್ಲ. ಶಂಕರಪುರದ ಮಲ್ಲಿಗೆಯಲ್ಲಿ ಅಂಥ ಲೆಕ್ಕ ಇವತ್ತಿಗೂ ಉಂಟು. ನಾಲ್ಕು ಚೆಂಡಿಗೆ ಒಂದು ಅಟ್ಟೆ. 2 ಅಟ್ಟೆ 3 ಚೆಂಡು ಇದ್ದಾಗ ಅವಸರದಲ್ಲಿ ಕ್ಯಾಲ್ಕುಲೇಟರಿಗೆ 2.3 ಅಂತ ಒತ್ತಿಬಿಡುತ್ತೇವೆ. ಅಟ್ಟೆಗೆ 640 ರೂಪಾಯಿ ಅಂತ ಹಿಡಿದರೆ 1472 ಬರುತ್ತದೆ, ಅದು ತಪ್ಪು. ಚುಕ್ಕಿಯ ಬಲಗಡೆಯ ಗುಳಿ ಹತ್ತಕ್ಕೆ ತುಂಬುವಂಥದ್ದು, ಅಟ್ಟೆ ನಾಲ್ಕಕ್ಕೇ ತುಂಬುತ್ತದೆ. ಮೊದಲು ಎಲ್ಲವನ್ನೂ ಚೆಂಡು ಮಾಡಿ: ಎರಡು ಅಟ್ಟೆಗೆ 8, ಜೊತೆಗೆ 3, ಒಟ್ಟು 11. ಚೆಂಡಿಗೆ 160. ಹನ್ನೊಂದು ಚೆಂಡಿಗೆ 160ನ್ನು ಒಂದು ಗುಳಿ ಎಡಕ್ಕೆ ಸರಿಸಿ 1600, ಅದಕ್ಕೆ ಇನ್ನೊಂದು 160 ಸೇರಿಸಿ. ಕೈಗೆ ಬರಬೇಕಾದ್ದು 1760.